ಶೇಕಡಾ 3 ಹಿಂದೆ, 16 ದಿನ ತಡ: ಅಕ್ಟೋಬರ್ ವರದಿಯಲ್ಲಿ ವಿಳಂಬವನ್ನು ಬರೆಯುವ ಬಗೆ

ಪ್ರಶ್ನೆ: ಆರ್.ಆರ್. ನಗರದಲ್ಲಿ 30×40 ನಿವೇಶನವೊಂದರಲ್ಲಿ ನೆಲಮಹಡಿ ಮತ್ತು ಮೇಲೆ ಎರಡು ಮಹಡಿಯ ಮನೆ ಕಟ್ಟುತ್ತಿರುವ ಗುತ್ತಿಗೆದಾರ ನಾನು. ಮಾಲೀಕರು ವಿದೇಶದಲ್ಲಿದ್ದಾರೆ, ಪ್ರತಿ ತಿಂಗಳು ಪ್ರಗತಿ ವರದಿ ಕೇಳುತ್ತಾರೆ. ಅಕ್ಟೋಬರ್ 11ಕ್ಕೆ ಹಾಕಬೇಕಿದ್ದ ಎರಡನೇ ಮೋಲ್ಡ್ 27ಕ್ಕೆ ಆಯಿತು. ಮೆಟ್ಟಿಲಿನ ಜಾಗ ಬದಲಿಸಿದ್ದು, ಮಳೆ, ದೀಪಾವಳಿಗೆ ಕೆಲಸಗಾರರು ಊರಿಗೆ ಹೋದದ್ದು, ಎಂ-ಸ್ಯಾಂಡ್ ಬಾರದಿದ್ದದ್ದು ಎಲ್ಲವನ್ನೂ ಬರೆದು 16 ದಿನ ಹೆಚ್ಚು ಕೇಳಿದೆ. "ನಿಮ್ಮ ವರದಿಯಲ್ಲೇ ಶೇಕಡಾ 44 ಆಗಬೇಕಿದ್ದ ಕಡೆ 41 ಆಗಿದೆ ಎಂದಿದೆ, ಮೂರು ಶೇಕಡಾಗೆ 16 ದಿನ ಹೇಗೆ?" ಎಂದು ಅವರು ಕೇಳುತ್ತಿದ್ದಾರೆ. ಏನು ಉತ್ತರ ಕೊಡಲಿ? ಮುಂದಿನ ತಿಂಗಳ ಯೋಜನೆಯನ್ನು ಹೇಗೆ ಬರೆಯಲಿ?

ಉತ್ತರ: ನಿಮ್ಮ ಎರಡು ಅಂಕಿಗಳೂ ಸರಿಯಾಗಿವೆ. ಶೇಕಡಾವಾರು ಹಣದ ಲೆಕ್ಕ, 16 ದಿನ ಕಾಲದ ಲೆಕ್ಕ. ಇವೆರಡರ ನಡುವಿನ ಸಂಬಂಧವನ್ನು ವರದಿ ಎಲ್ಲಿಯೂ ಹೇಳದೆ ಇರುವುದರಿಂದ ಮಾಲೀಕರಿಗೆ ಸಂಶಯ ಬಂದಿದೆ, ಮತ್ತು ಆ ಸಂಶಯ ನ್ಯಾಯವಾದದ್ದೇ.

ನೀವು ಕಳುಹಿಸಿರುವ ಲೆಕ್ಕದ ಹಾಳೆಯನ್ನು ನೋಡಿದೆ. ಒಟ್ಟು ಗುತ್ತಿಗೆ 60 ಲಕ್ಷ ರೂಪಾಯಿ. ಪಾಯದಿಂದ ಪ್ಲಿಂತ್‌ವರೆಗಿನ ಕೆಲಸಕ್ಕೆ 9 ಲಕ್ಷ, ಎರಡು ಮೋಲ್ಡ್‌ಗಳಿಗೆ ಅವುಗಳ ಕಂಬ ಮತ್ತು ತೊಲೆಗಳ ಸಮೇತ 12 ಲಕ್ಷ, ನೆಲಮಹಡಿಯ ಗೋಡೆಗೆ 2.5 ಲಕ್ಷ, ಇದುವರೆಗಿನ ಗಾರೆ ಕೆಲಸಕ್ಕೆ 1 ಲಕ್ಷ ಸೇರಿ 24.5 ಲಕ್ಷದ ಕೆಲಸ ಮುಗಿದಿದೆ, ಅಂದರೆ ಸುಮಾರು ಶೇಕಡಾ 41. ಯೋಜನೆಯ ಪ್ರಕಾರ ಗೋಡೆ ಮತ್ತು ಗಾರೆ ತಲಾ ಒಂದು ಲಕ್ಷದಷ್ಟು ಹೆಚ್ಚು ಆಗಿ, 26.5 ಲಕ್ಷ ಮುಟ್ಟಬೇಕಿತ್ತು. ಈಗ ಮೋಲ್ಡ್‌ನ ಸಾಲನ್ನು ಗಮನಿಸಿ. ಅಕ್ಟೋಬರ್ 11ಕ್ಕೆ ಕಾಂಕ್ರೀಟ್ ಹಾಕಿದ್ದರೂ, 27ಕ್ಕೆ ಹಾಕಿದ್ದರೂ, 31ನೇ ತಾರೀಖಿನ ವರದಿಯಲ್ಲಿ ಆ ಸಾಲಿನ ಮೊತ್ತ ಒಂದೇ ಆಗಿರುತ್ತದೆ. ಇಡೀ ತಿಂಗಳ ಅತಿ ದೊಡ್ಡ ವಿಳಂಬಕ್ಕೆ ಶೇಕಡಾವಾರಿನಲ್ಲಿ ನೇರವಾದ ಗುರುತೇ ಉಳಿಯಲಿಲ್ಲ. ಇದೇ ವರದಿಯನ್ನು ನೀವು 24ನೇ ತಾರೀಖು ಬರೆದಿದ್ದರೆ, ಆ ಮೋಲ್ಡ್‌ನ ಲಕ್ಷಗಳು ಲೆಕ್ಕಕ್ಕೆ ಸೇರದೆ, ಮಾಲೀಕರು ಗಾಬರಿಯಾಗುವಷ್ಟು ಅಂತರ ಕಾಣುತ್ತಿತ್ತು.

ಆದ್ದರಿಂದ ಶೇಕಡಾವಾರಿನ ಪಕ್ಕದಲ್ಲೇ ಮೈಲಿಗಲ್ಲಿನ ದಿನಾಂಕಗಳನ್ನು ಕೊಡಿ: ಎರಡನೇ ಮೋಲ್ಡ್, ಯೋಜನೆಯಲ್ಲಿ ಅಕ್ಟೋಬರ್ 11, ಆದದ್ದು ಅಕ್ಟೋಬರ್ 27, ಮನೆ ಹಸ್ತಾಂತರ, ಒಪ್ಪಂದದಲ್ಲಿ ಫೆಬ್ರವರಿ 28, ಈಗಿನ ಅಂದಾಜು ಮಾರ್ಚ್ 16. ನಿಮ್ಮ ಮನೆಯಲ್ಲಿ ಮುಕ್ತಾಯದ ದಿನಾಂಕವನ್ನು ನಿರ್ಧರಿಸುವ ಸರಪಳಿ ಮೋಲ್ಡಿನಿಂದ ಮೋಲ್ಡಿಗೆ ಹೋಗುತ್ತದೆ. ಎರಡನೆಯದು ಬೀಳದೆ ಮೇಲಿನ ಕಂಬ ಏಳುವುದಿಲ್ಲ, ಕಂಬ ಏಳದೆ ಮೂರನೆಯದಕ್ಕೆ ಶಟರಿಂಗ್ ಕಟ್ಟಲಾಗುವುದಿಲ್ಲ. ಈ ಸರಪಳಿಯಲ್ಲಿ ಕಳೆದ ಪ್ರತಿ ದಿನವೂ ಹಸ್ತಾಂತರದಲ್ಲಿ ಒಂದು ದಿನ.

ಇನ್ನು ಕಾರಣಗಳು. ನಾಲ್ಕು ಕಾರಣಗಳನ್ನು ಒಂದೇ ಉಸಿರಿನಲ್ಲಿ ಬರೆದು ಕೊನೆಯಲ್ಲಿ 16 ಎಂದು ಹಾಕಿರುವುದು ವರದಿಯ ದೊಡ್ಡ ದೋಷ. ಪ್ರತಿ ಕಾರಣಕ್ಕೂ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಕೆಲಸ ನಿಂತಿತು, ಅದು ಮೇಲಿನ ಸರಪಳಿಯಲ್ಲಿತ್ತೇ ಎಂಬುದನ್ನು ಬಿಡಿಸಿ ಹೇಳಬೇಕು. ನಿಮ್ಮ ಸೈಟ್ ಡೈರಿಯ ಪ್ರತಿಯಿಂದಲೇ ಇದನ್ನು ಬಿಡಿಸಬಹುದು.

ಅಕ್ಟೋಬರ್ 3ರ ಸಂಜೆ ಮಾಲೀಕರು ಮೆಟ್ಟಿಲಿನ ಜಾಗ ಬದಲಿಸಲು ಹೇಳಿದರು, ತಿದ್ದಿದ ನಕ್ಷೆ ನಿಮ್ಮ ಕೈಸೇರಿದ್ದು 11ರ ಸಂಜೆ. 4ರಿಂದ 11ರವರೆಗೆ 8 ದಿನ ಕಂಬಿ ಕಟ್ಟುವ ಕೆಲಸ ನಿಂತಿತು. ಮೆಟ್ಟಿಲಿಗಾಗಿ ಬಿಡುವ ತೆರಪು ಸರಿದರೆ ಅದರ ಅಂಚಿನ ತೊಲೆಯೂ ಸರಿಯುತ್ತದೆ, ಆ ತೊಲೆಯ ಕಂಬಿ ಪಕ್ಕದ ಎರಡು ಅಂಕಣಗಳಿಗೂ ಹಾಯುತ್ತದೆ, ಹಾಗಾಗಿ ಮೆಟ್ಟಿಲಿನ ಭಾಗವನ್ನಷ್ಟೇ ಬಿಟ್ಟು ಉಳಿದದ್ದನ್ನು ಮುಂದುವರಿಸಲು ಆಗುತ್ತಿರಲಿಲ್ಲ. ಈ ಒಂದು ವಾಕ್ಯ ವರದಿಯಲ್ಲಿ ಇರಲೇಬೇಕು, ಏಕೆಂದರೆ ದೂರದಲ್ಲಿರುವವರು ಮೊದಲು ಕೇಳುವುದೇ "ಉಳಿದದ್ದನ್ನು ಏಕೆ ಮಾಡಲಿಲ್ಲ?" ಎಂದು. ಆ ದಿನಗಳಲ್ಲಿ ಕೆಲಸಗಾರರನ್ನು ಕೆಳಗಿನ ಗಾರೆಗೆ ಹಾಕಿದ್ದೀರಿ, ಅದನ್ನೂ ಬರೆಯಿರಿ.

ಮಳೆಗೆ ನೀವು 5 ದಿನ ತೋರಿಸಿದ್ದೀರಿ: 7, 8, 9 ಮತ್ತು 15, 16. ಮೊದಲ ಮೂರು ದಿನ ಮಳೆ ಬಂದದ್ದು ನಿಜ, ಆದರೆ ಅಂದು ನಕ್ಷೆಯಿಲ್ಲದೆ ಕೆಲಸ ಹೇಗೂ ನಿಂತಿತ್ತು. ಒಂದೇ ದಿನವನ್ನು ಎರಡು ಕಾರಣಗಳ ಲೆಕ್ಕಕ್ಕೆ ಹಾಕಬಾರದು. ಮಳೆಯ ಪಾಲು 2 ದಿನ ಮಾತ್ರ. 15ರಂದು ತೊಲೆಯ ತಳದ ಹಲಗೆಗಳ ಮೇಲೆ ಗೇಣುದ್ದ ನೀರು ನಿಂತಿರುವ, ಕಟ್ಟಿದ ಕಂಬಿಯ ನಡುವೆ ಮರದ ಹೊಟ್ಟು ತೇಲುತ್ತಿರುವ ಚಿತ್ರವನ್ನು ನೀವು ತೆಗೆದಿದ್ದೀರಿ. ಅದು "ಭಾರೀ ಮಳೆಯಿಂದಾಗಿ" ಎಂಬ ಮಾತಿಗಿಂತ ಹೆಚ್ಚು ಹೇಳುತ್ತದೆ, ಲಗತ್ತಿಸಿ.

ದೀಪಾವಳಿಯ 6 ದಿನ, 18ರಿಂದ 23ರವರೆಗೆ, ಸ್ವಲ್ಪ ಸೂಕ್ಷ್ಮ. ಕಂಬಿ ಕೆಲಸದವರು ರಾಯಚೂರು, ಯಾದಗಿರಿ ಕಡೆಯವರು, ಹಬ್ಬಕ್ಕೆ ಊರಿಗೆ ಹೋಗಿಯೇ ಹೋಗುತ್ತಾರೆ, ಇದು ನಿಮಗೆ ಮೊದಲೇ ಗೊತ್ತಿತ್ತು. ನಿಮ್ಮ ಮೂಲ ಯೋಜನೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇತ್ತು. 11ಕ್ಕೆ ಮೋಲ್ಡ್ ಬಿದ್ದಿದ್ದರೆ ಹಬ್ಬದ ದಿನಗಳು ಕ್ಯೂರಿಂಗ್‌ನಲ್ಲಿ ಕಳೆಯುತ್ತಿದ್ದವು, ನೀರು ಹಾಕಲು ಒಬ್ಬರಿದ್ದರೆ ಸಾಕಿತ್ತು. ನಕ್ಷೆಯ ವಿಳಂಬ ಕಂಬಿ ಕೆಲಸವನ್ನು ಹಬ್ಬದೊಳಕ್ಕೆ ತಳ್ಳಿತು. ಈ 6 ದಿನ ಯಾರ ಪಾಲು ಎಂಬುದು ಒಪ್ಪಂದದ ಅವಧಿ ವಿಸ್ತರಣೆಯ ಷರತ್ತನ್ನು ಅವಲಂಬಿಸುತ್ತದೆ, ಮಾಲೀಕರು ಒಪ್ಪದಿರಬಹುದು. ವರದಿಯಲ್ಲಿ ತೀರ್ಪು ಕೊಡಬೇಡಿ, ನಡೆದದ್ದನ್ನು ಹೇಳಿ. ನಾನಾದರೆ ಹೀಗೆ ಬರೆಯುತ್ತೇನೆ:

"ಅಕ್ಟೋಬರ್ 18ರಿಂದ 23ರವರೆಗೆ ಕಂಬಿ ಕೆಲಸದವರು ಹಬ್ಬಕ್ಕೆ ಊರಿಗೆ ಹೋಗಿದ್ದರಿಂದ ಕೆಲಸ ನಡೆಯಲಿಲ್ಲ. ಮೂಲ ಯೋಜನೆಯಲ್ಲಿ ಈ ದಿನಗಳು ಎರಡನೇ ಮೋಲ್ಡಿನ ಕ್ಯೂರಿಂಗ್ ಅವಧಿಯಲ್ಲಿದ್ದವು. ಮೋಲ್ಡ್ ಮುಂದೆ ಹೋದ ಕಾರಣ ಇವು ಕಂಬಿ ಕೆಲಸದ ಅವಧಿಯಲ್ಲಿ ಬಂದವು. ಈ 6 ದಿನಗಳ ಬಗ್ಗೆ ತಮ್ಮೊಂದಿಗೆ ಮಾತನಾಡಿ ನಿರ್ಧರಿಸಲು ಕೋರುತ್ತೇನೆ."

ಎಂಟು, ಎರಡು, ಆರು ಸೇರಿ ಹದಿನಾರು. 4ರಂದು ಬಾಕಿಯಿದ್ದ 7 ದಿನದ ಕೆಲಸವನ್ನು ನೀವು 12, 13, 14, 17, 24, 25, 26ರಂದು ಮಾಡಿ 27ಕ್ಕೆ ಕಾಂಕ್ರೀಟ್ ಹಾಕಿದ್ದೀರಿ ಎಂಬುದೂ ಡೈರಿಯೊಂದಿಗೆ ತಾಳೆಯಾಗುತ್ತದೆ. ಓದುವವರು ಬೆರಳೆಣಿಸಿ ಪರೀಕ್ಷಿಸಬಹುದಾದ ಲೆಕ್ಕ ಇದು.

ಎಂ-ಸ್ಯಾಂಡ್ ಬಾರದೆ ಗಾರೆ 5 ದಿನ ನಿಂತದ್ದನ್ನು ಈ ಮೊತ್ತಕ್ಕೆ ಸೇರಿಸಬೇಡಿ. ನೆಲಮಹಡಿಯ ಗಾರೆ ಡಿಸೆಂಬರಿನ ಟೈಲ್ಸ್ ಕೆಲಸಕ್ಕೆ ಮುಂಚೆ ಮುಗಿದರೆ ಸಾಕು. "ನಮ್ಮ ಸರಬರಾಜಿನ ತೊಂದರೆ, ಹಸ್ತಾಂತರದ ದಿನಾಂಕಕ್ಕೆ ಪರಿಣಾಮವಿಲ್ಲ" ಎಂದು ಪ್ರತ್ಯೇಕವಾಗಿ ಬರೆಯಿರಿ. ಮಾಲೀಕರು ಹಿಡಿದುಕೊಂಡಿರುವ ಮೂರು ಶೇಕಡಾದಲ್ಲಿ ಸುಮಾರು ಅರ್ಧ ಈ ಗಾರೆಯದ್ದೇ ಎಂಬುದನ್ನೂ ತಿಳಿಸಿ. ನಿಮ್ಮ ತಪ್ಪನ್ನು ನೀವೇ ಹೇಳಿಕೊಂಡ ಸಾಲು, ಉಳಿದ ಸಾಲುಗಳನ್ನು ನಂಬಲು ಅವರಿಗೆ ಕಾರಣವಾಗುತ್ತದೆ. ವೃತ್ತಿಯ ಆರಂಭದಲ್ಲಿ ನಾನು ಒಂದು ವರದಿಯಲ್ಲಿ "ಮಳೆಯಿಂದ 12 ದಿನ ವಿಳಂಬ" ಎಂದು ಬರೆದಿದ್ದೆ. ಮಾಲೀಕರು ಯಾವ 12 ದಿನ ಎಂದು ಕೇಳಿದಾಗ ನನ್ನ ಬಳಿ ಡೈರಿ ಇರಲಿಲ್ಲ, ನಿಜವಾಗಿ ಕಳೆದಿದ್ದ ದಿನಗಳನ್ನೂ ಅವರು ಒಪ್ಪಲಿಲ್ಲ.

ಮತ್ತೊಂದು ಎಚ್ಚರಿಕೆ. ಅನೇಕ ಒಪ್ಪಂದಗಳಲ್ಲಿ ವಿಳಂಬದ ಕಾರಣ ಹುಟ್ಟಿದ ಇಂತಿಷ್ಟು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂಬ ಷರತ್ತು ಇರುತ್ತದೆ. ತಿಂಗಳ ಕೊನೆಯ ವರದಿ ಆ ಹೊತ್ತಿಗೆ ತಡವಾಗಿರಬಹುದು. 4ನೇ ತಾರೀಖಿನಂದೇ "ನಕ್ಷೆ ಬರುವವರೆಗೆ ಕೆಲಸ ನಿಂತಿದೆ" ಎಂದು ಪತ್ರ ಅಥವಾ ಇಮೇಲ್ ಹೋಗಬೇಕಿತ್ತು. ವಾಟ್ಸಾಪ್‌ನಲ್ಲಿ ಬರೆದಿದ್ದರೆ ಆ ಸಂದೇಶದ ತಾರೀಖನ್ನು ವರದಿಯಲ್ಲಿ ಉಲ್ಲೇಖಿಸಿ, ಮುಂದಿನ ಸಲದಿಂದ ಅಂದಂದೇ ಇಮೇಲ್ ಮಾಡಿ.

ನವೆಂಬರಿನ ಯೋಜನೆಗೆ ಬರುತ್ತೇನೆ. "ಮೂರನೇ ಮೋಲ್ಡ್ ಮುಗಿಸಲಾಗುವುದು" ಎಂಬ ಒಂದು ಸಾಲು ಯೋಜನೆಯಾಗುವುದಿಲ್ಲ. ಮೊದಲು ಮೋಲ್ಡನ್ನು ಕೆಳಗಿನಿಂದ ಹೊತ್ತು ನಿಲ್ಲಿಸುವ ಪ್ರಾಪ್‌ಗಳ ಲೆಕ್ಕ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456:2000ರ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ 4.5 ಮೀಟರ್‌ವರೆಗಿನ ಅಂತರದ ಚಪ್ಪಡಿಗೆ 7 ದಿನ, ಅದಕ್ಕಿಂತ ಹೆಚ್ಚಿನದಕ್ಕೆ 14 ದಿನ ಪ್ರಾಪ್ ಇರಬೇಕು, 6 ಮೀಟರ್‌ವರೆಗಿನ ತೊಲೆಗೂ 14 ದಿನ. ನಿಮ್ಮ ಹಾಲ್ 5 ಮೀಟರ್ ಅಗಲವಿದೆ. ಹಾಗಾಗಿ ಕೋಣೆಗಳ ಚಪ್ಪಡಿಯ ಪ್ರಾಪ್ ನವೆಂಬರ್ 3ಕ್ಕೆ, ಹಾಲ್ ಮತ್ತು ತೊಲೆಗಳದ್ದು 10ಕ್ಕೆ ಮುಂಚೆ ತೆಗೆಯುವಂತಿಲ್ಲ. ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್ ಬಳಸಿದ್ದರೆ ಇನ್ನೂ ಹೆಚ್ಚು ದಿನ ಬೇಕಾಗಬಹುದು, ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಅವರಿಂದ ಬರೆಸಿಕೊಳ್ಳಿ. ಕಳೆದ ದಿನಗಳನ್ನು ಇಲ್ಲಿ ಹಿಂದಕ್ಕೆ ಪಡೆಯುತ್ತೇನೆಂದು ಮಾಲೀಕರಿಗೆ ಮಾತು ಕೊಡಬೇಡಿ. ಪಡೆಯಬಹುದಾದದ್ದು ಗೋಡೆಯಲ್ಲಿ: ಪ್ರಾಪ್ ತೆಗೆದ ಮೇಲೆ ಮೊದಲ ಮಹಡಿಗೆ ಎರಡನೇ ಮೇಸ್ತ್ರಿ ತಂಡವನ್ನು ಹಾಕಿದರೆ ಮುಂದಿನ ಕೆಲಸಗಳಲ್ಲಿ ಕೆಲವು ದಿನ ಉಳಿಯಬಹುದು, ಉಳಿದ ಮೇಲೆ ವರದಿಯಲ್ಲಿ ತೋರಿಸಿ.

ಮೇಲಿನ ಕಂಬಗಳು ನವೆಂಬರ್ 12ಕ್ಕೆ ಮುಗಿದು, 13ರಿಂದ ಶಟರಿಂಗ್ ನಡೆದು, 29ಕ್ಕೆ ಮೂರನೇ ಮೋಲ್ಡ್ ಎಂದು ನೀವು ಬರೆದಿದ್ದೀರಿ, ಇದು ಸಾಧ್ಯವಿರುವ ಯೋಜನೆ. ಆದರೆ ಅದರ ಕೆಳಗೆ ಮಾಲೀಕರಿಂದ ಏನು, ಯಾವ ದಿನದೊಳಗೆ ಬೇಕು ಎಂಬುದು ಇಲ್ಲ. ವಿದ್ಯುತ್ ಪೈಪುಗಳು ಕಾಂಕ್ರೀಟಿಗೆ ಮುಂಚೆ ಕಂಬಿಯ ನಡುವೆ ಕೂರಬೇಕು, ಆದ್ದರಿಂದ ಮೇಲ್ಮಹಡಿಯ ದೀಪ ಮತ್ತು ಫ್ಯಾನಿನ ಜಾಗಗಳನ್ನು ಅವರು 18ರೊಳಗೆ ಅಂತಿಮಗೊಳಿಸಬೇಕು. ಅದು 22ಕ್ಕೆ ಬಂದರೆ ಮೋಲ್ಡ್ ಎಷ್ಟು ಸರಿಯುತ್ತದೆ ಎಂಬುದನ್ನೂ ಅದೇ ಸಾಲಿನಲ್ಲಿ ಹೇಳಿ. ಅಕ್ಟೋಬರಿನಲ್ಲಿ ಮೆಟ್ಟಿಲಿನ ವಿಷಯದಲ್ಲಿ ಮಾಲೀಕರಿಗೆ ಈ ಪರಿಣಾಮ ಮೊದಲೇ ಗೊತ್ತಿದ್ದಿದ್ದರೆ, ನಕ್ಷೆಯನ್ನು ಅವರು ಬಹುಶಃ ಬೇಗ ಕೊಡಿಸುತ್ತಿದ್ದರು.

ತಿದ್ದಿದ ವರದಿಯನ್ನು ನವೆಂಬರ್ 3ರ ಸಂಜೆ ಕಳುಹಿಸಿ. 27ರ ಕಾಂಕ್ರೀಟಿನ 7 ದಿನದ ಕ್ಯೂಬ್ ಪರೀಕ್ಷೆ ಅಂದೇ ಇದೆ, ಫಲಿತಾಂಶವನ್ನು ಸೇರಿಸಿ, 28 ದಿನದ್ದು ನವೆಂಬರ್ 24ಕ್ಕೆ ಎಂದು ಪಕ್ಕದಲ್ಲಿ ನಮೂದಿಸಿ.