ಮ್ಯಾನೇಜರ್ ಒಪ್ಪುವಂತೆ ಪ್ರಸ್ತಾವ ಬರೆಯೋದು ಹೇಗೆ?

"ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಡಿಕೆ ಖರೀದಿ ಅಂಗಡಿಯಲ್ಲಿ ನನ್ನ ಕೆಲಸ. ಬಿಲ್ಲಿಂಗ್ ಸಾಫ್ಟ್‌ವೇರ್ ತರೋಣ ಅಂದರೆ ಮ್ಯಾನೇಜರ್ 'ಪುಸ್ತಕ ಸಾಕು' ಅಂತಾರೆ. ಪ್ರಸ್ತಾವ ಹೇಗೆ ಬರೆಯಲಿ?"

ಸಾಫ್ಟ್‌ವೇರ್ ಹೆಸರಿಂದ ಶುರು ಮಾಡಬೇಡಿ. ಮೊದಲ ಸಾಲಲ್ಲಿ ಅವರಿಗೇ ಗೊತ್ತಿರುವ ತಲೆನೋವು ಬರಲಿ: "ಸಂಜೆ ಲೆಕ್ಕ ತಾಳೆ ನೋಡಲು ಇಬ್ಬರಿಗೆ 45 ನಿಮಿಷ." ಒಂದು ವಾರ ಗಡಿಯಾರ ನೋಡಿ ಬರೆದಿಟ್ಟ ಅಂಕಿ ಇರಲಿ, ಅಂದಾಜು ಬೇಡ.

ಆಮೇಲೆ ಪ್ರಯೋಗ. ಒಂದೇ ಕೌಂಟರ್, 4 ವಾರ, ಪುಸ್ತಕವೂ ಜೊತೆಗೇ. ನಿಲ್ಲಿಸುವ ಷರತ್ತನ್ನು ಈಗಲೇ ಬರೆಯಿರಿ: ಕೊನೆಯ ವಾರದಲ್ಲೂ ತಾಳೆಗೆ 20 ನಿಮಿಷ ಮೀರಿದರೆ ಕೈಬಿಡುತ್ತೇವೆ. ಸಂಶಯ ಇರುವವರು ಮೊದಲು ಹುಡುಕುವುದು ಈ ಸಾಲನ್ನೇ.

ಖರ್ಚಿನಲ್ಲಿ ಜಾಸ್ತಿ ಮರೆತುಹೋಗುವುದು ಎರಡೆರಡು ಸಲ ಬರೆಯುವ ಹೊತ್ತು. ದಿನಕ್ಕೆ ಅರ್ಧ ಗಂಟೆ ಅಂದರೆ 24 ದಿನಕ್ಕೆ 12 ಗಂಟೆ. ಗಂಟೆಗೆ 100 ರೂಪಾಯಿ ಹಿಡಿದರೂ 1,200. ಸಾಫ್ಟ್‌ವೇರ್ ಬಾಡಿಗೆ, ಪ್ರಿಂಟರ್ ಜೊತೆ ಇದನ್ನೂ ಸೇರಿಸಿ. ನಾನು ಬಿಟ್ಟಿದ್ದೆ. ನಮ್ಮ ಸಾಹೇಬರು ಅದನ್ನೇ ಹಿಡಿದು ಕಾಗದ ವಾಪಸ್ ಕೊಟ್ಟರು!

ಅಪಾಯ ಎರಡು ಸಾಕು, ಆದರೆ ನಿಮ್ಮ ಊರಿನದ್ದಾಗಿರಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಕೈಬರಹದ ರಸೀದಿ ಪುಸ್ತಕ ಮೇಜಿನ ಮೇಲೇ ಇರುತ್ತದೆ ಎಂದು ಬರೆಯಿರಿ. ರಸೀದಿ ಕನ್ನಡ, ಮಲಯಾಳಂ ಎರಡರಲ್ಲೂ ಸರಿಯಾಗಿ ಬರುತ್ತದಾ? ಚಿಕ್ಕ ಪ್ರಿಂಟರ್‌ಗಳಲ್ಲಿ ಒತ್ತಕ್ಷರ ಒಡೆದು ಬರುವುದುಂಟು. ಒಂದು ಚೀಟಿ ಮುದ್ರಿಸಿ ಪ್ರಸ್ತಾವಕ್ಕೆ ಪಿನ್ ಮಾಡಿ.