ಬುಲ್, ಬೇರ್, ಡಿವಿಡೆಂಡ್: ಮೊದಲ ಸಲ ಷೇರು ಕೊಳ್ಳುವವರಿಗೆ

ಪ್ರಶ್ನೆ: ಈಗಷ್ಟೇ ಡಿಮ್ಯಾಟ್ ಖಾತೆ ತೆರೆದಿದ್ದೇನೆ. ಬುಲ್, ಬೇರ್, ಡಿವಿಡೆಂಡ್ ಅಂದ್ರೆ ಏನು? ಒಂದು ಕಂಪನಿ 400% ಡಿವಿಡೆಂಡ್ ಕೊಡುತ್ತಂತೆ, ಆ ಷೇರು ತಗೋಬಹುದಾ?

ಗೂಳಿ ಕೊಂಬಿನಿಂದ ಮೇಲಕ್ಕೆ ಎತ್ತಿ ಹಾಕುತ್ತದೆ. ಕರಡಿ ಪಂಜದಿಂದ ಕೆಳಕ್ಕೆ ಬಡಿಯುತ್ತದೆ. ಮಾರುಕಟ್ಟೆ ಏರುತ್ತಾ ಹೋದರೆ ಬುಲ್, ಇಳಿಯುತ್ತಾ ಹೋದರೆ ಬೇರ್. ಹೀಗೆ ನೆನಪಿಟ್ಟುಕೊಳ್ಳಿ, ಬುಲ್ ಯಾವುದು ಬೇರ್ ಯಾವುದು ಎಂಬ ಗೊಂದಲ ಇರುವುದಿಲ್ಲ. ಆದರೆ ಒಂದೆರಡು ದಿನದ ಏರಿಳಿತಕ್ಕೆ ಈ ಹೆಸರು ಸಲ್ಲದು. ಸೂಚ್ಯಂಕ ತನ್ನ ಎತ್ತರದಿಂದ ಶೇ 20ರಷ್ಟು ಇಳಿದರೆ ಬೇರ್ ಮಾರುಕಟ್ಟೆ ಅನ್ನುವುದು ರೂಢಿ. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42 ಸಾವಿರದ ಹತ್ತಿರ ಇತ್ತು, ಮಾರ್ಚ್ 23ಕ್ಕೆ 26 ಸಾವಿರಕ್ಕಿಂತ ಕೆಳಗೆ ಬಂತು. ಅದು ಕರಡಿ. ಮರುವರ್ಷ ಜನವರಿಯಲ್ಲಿ 50 ಸಾವಿರ ಮುಟ್ಟಿತು. ಅದು ಗೂಳಿ.

ಇನ್ನು ಡಿವಿಡೆಂಡ್. ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು ಅದು. ನೀವು ಹೇಳಿದ 400% ಲೆಕ್ಕ ಷೇರಿನ ಮುಖಬೆಲೆಯ ಮೇಲೆ, ಅಂದರೆ ಕಂಪನಿ ಷೇರಿಗೆ ನಿಗದಿ ಮಾಡಿದ ಮೂಲ ಬೆಲೆಯ ಮೇಲೆ, ಮಾರುಕಟ್ಟೆ ಬೆಲೆಯ ಮೇಲೆ ಅಲ್ಲ. ಶುರುವಿನಲ್ಲಿ ನಾನೂ ಇಲ್ಲೇ ಎಡವಿದ್ದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮುಖಬೆಲೆ 2 ರೂಪಾಯಿ ಅಂದುಕೊಳ್ಳಿ. ಅದರ 400% ಅಂದರೆ ಷೇರಿಗೆ 8 ರೂಪಾಯಿ. ಷೇರು ಈಗ 800 ರೂಪಾಯಿಗೆ ಸಿಗುತ್ತಿದ್ದರೆ, ನೀವು ಹಾಕಿದ ದುಡ್ಡಿಗೆ ಬರುವುದು ಬರೀ 1%. 25 ಷೇರಿಗೆ 20,000 ಹಾಕಿದರೆ ಕೈಗೆ 200 ರೂಪಾಯಿ.

ಇದರಲ್ಲಿ ದಿನಾಂಕವೂ ಮುಖ್ಯ. ಕಂಪನಿ ಒಂದು ರೆಕಾರ್ಡ್ ಡೇಟ್ ಹೇಳುತ್ತದೆ. ಆ ದಿನ ಯಾರ ಖಾತೆಯಲ್ಲಿ ಷೇರು ಇದೆಯೋ ಅವರಿಗೆ ಹಣ. ನಮ್ಮಲ್ಲಿ ಇವತ್ತು ಕೊಂಡ ಷೇರು ಖಾತೆಗೆ ಬರುವುದು ಮುಂದಿನ ವಹಿವಾಟಿನ ದಿನ. ಹಾಗಾಗಿ ರೆಕಾರ್ಡ್ ಡೇಟ್ ಶುಕ್ರವಾರ ಇದ್ದರೆ ಗುರುವಾರದೊಳಗೆ ಕೊಂಡಿರಬೇಕು. ಶುಕ್ರವಾರ ಕೊಂಡವರಿಗೆ ಡಿವಿಡೆಂಡ್ ಇಲ್ಲ. ಆ ದಿನವನ್ನೇ ಎಕ್ಸ್-ಡೇಟ್ ಅನ್ನುತ್ತಾರೆ.

ಹಾಗಾದರೆ ಗುರುವಾರ ಕೊಂಡು ಶುಕ್ರವಾರ ಮಾರಿಬಿಟ್ಟರೆ 200 ರೂಪಾಯಿ ಸುಮ್ನೆ ಸಿಕ್ಕಂತೆ, ಅಲ್ವಾ? ಇಲ್ಲ. ಕಂಪನಿಯಿಂದ ಅಷ್ಟು ಹಣ ಹೊರಗೆ ಹೋಗುತ್ತದೆ, ಹಾಗಾಗಿ ಶುಕ್ರವಾರ ಬೆಳಿಗ್ಗೆ ಷೇರು ಸುಮಾರು 792ರ ಆಸುಪಾಸಿನಲ್ಲೇ ಶುರುವಾಗುತ್ತದೆ. ಆ ದಿನದ ಮಾರುಕಟ್ಟೆಯ ಏರಿಳಿತ ಬೇರೆ ಸೇರುವುದರಿಂದ ಇಳಿತ ಸರಿಯಾಗಿ 8 ರೂಪಾಯಿಯೇ ಇರಬೇಕೆಂದಿಲ್ಲ. ಒಟ್ಟಿನಲ್ಲಿ ನಿಮ್ಮ 200 ರೂಪಾಯಿ ಷೇರಿನಿಂದ ಬ್ಯಾಂಕ್ ಖಾತೆಗೆ ಜಾಗ ಬದಲಿಸಿತು ಅಷ್ಟೇ. ಮೇಲಾಗಿ ಅದು ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ.

ಆದ್ದರಿಂದ 400% ನೋಡಿ ಆ ಷೇರು ತಗೋಬೇಡಿ. ಹಿಂದಿನ ಐದಾರು ವರ್ಷ ಡಿವಿಡೆಂಡ್ ತಪ್ಪದೆ ಬಂದಿದೆಯಾ, ಅದು ಲಾಭದಿಂದ ಬಂದದ್ದಾ, ಇಲ್ಲ ಜಮೀನೋ ಘಟಕವೋ ಮಾರಿದ ದುಡ್ಡಾ ಅಂತ ನೋಡಿ. ಕಂಪನಿ ನಿಜಕ್ಕೂ ಹಿಡಿಸಿದರೆ ಎಕ್ಸ್-ಡೇಟ್ ಆದಮೇಲೆ ಕೊಂಡರೂ ನಿಮಗೆ ನಷ್ಟವಿಲ್ಲ.