ಮೊದಲ ಪದರ ಬೆಡ್‌ನ ಒಂದು ಬದಿಯಲ್ಲಿ ಮಾತ್ರ ಅಂಟದಿದ್ದರೆ

ಪ್ರಶ್ನೆ: 3ಡಿ ಪ್ರಿಂಟರ್‌ಗೆ ಪಿಎಲ್‌ಎ ಪ್ಲಾಸ್ಟಿಕ್ ಹಾಕಿ ಪ್ರಿಂಟ್ ಮಾಡುವಾಗ ಮೊದಲ ಪದರ ಎಡಗಡೆ ಚೆನ್ನಾಗಿ ಕೂರುತ್ತೆ, ಬಲಗಡೆ ಎಳೆ ಎಳೆಯಾಗಿ ಎದ್ದು ಬರುತ್ತೆ. ನಾಲ್ಕೂ ಮೂಲೆಗೆ ಪೇಪರ್ ಇಟ್ಟು ಲೆವೆಲ್ ಮಾಡಿದ್ದೀನಿ. Z offset ಇಳಿಸಿದರೆ ಎಡಗಡೆ ಕೆರೆಯೋಕೆ ಶುರುವಾಗುತ್ತೆ. ಏನು ಮಾಡಲಿ?

ಉತ್ತರ:

ಸದ್ಯಕ್ಕೆ Z offset ಮುಟ್ಟಬೇಡಿ. ಅದು ನಾಜಲ್ಲನ್ನು ಇಡೀ ಬೆಡ್‌ಗೆ ಒಂದೇ ಅಳತೆಯಲ್ಲಿ ಏರಿಸುತ್ತದೆ ಅಥವಾ ಇಳಿಸುತ್ತದೆ, ಅಷ್ಟೇ. ನೀವು ಹೇಳುತ್ತಿರುವುದು ಬೆಡ್ ಓರೆಯಾಗಿರುವ ಲಕ್ಷಣ. ಓರೆ ಹೋಗಬೇಕಾದರೆ ಬೆಡ್ ಕೆಳಗಿನ ತಿರುಪುಗಳನ್ನೇ ತಿರುಗಿಸಬೇಕು. ಎತ್ತರದ ಮಾತು ಅದಾದ ಮೇಲೆ.

ಅದಕ್ಕೂ ಮುಂಚೆ ಒಂದು ಸಣ್ಣ ಪರೀಕ್ಷೆ. ನಿಮ್ಮ ಪ್ಲೇಟ್ ತೆಗೆಯಲು ಬರುವಂಥದ್ದಾದರೆ ಅದನ್ನು ಎಡಬಲ ತಿರುಗಿಸಿ ಕೂರಿಸಿ, ಅದೇ ಫೈಲ್ ಮತ್ತೆ ಪ್ರಿಂಟ್ ಮಾಡಿ. ಈಗ ಎಡಗಡೆ ಏಳತೊಡಗಿದರೆ ದೋಷ ಪ್ಲೇಟಿನದು: ಬಹುತೇಕ ಕೈಬೆರಳಿನ ಜಿಡ್ಡು. ಪಾತ್ರೆ ತೊಳೆಯುವ ಸೋಪು, ಬಿಸಿನೀರು ಹಾಕಿ ತೊಳೆದರೆ ಹೋಗುತ್ತದೆ. ಬಲಗಡೆಯೇ ಏಳುತ್ತಿದ್ದರೆ ಮುಂದೆ ಓದಿ.

ಕೂದಲೆಳೆಯಷ್ಟು ಓರೆ ಇಷ್ಟೊಂದು ತೊಂದರೆ ಕೊಡುವುದು ಏಕೆಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಪದರ 0.2 ಮಿ.ಮೀ., ಎಳೆಯ ಅಗಲ 0.4 ಮಿ.ಮೀ. ಎಂದಿಟ್ಟುಕೊಳ್ಳಿ. ಪ್ರಿಂಟರ್ ಸುರಿಯುವ ಪ್ಲಾಸ್ಟಿಕ್ 0.2 × 0.4 ಜಾಗಕ್ಕೆ ಲೆಕ್ಕ ಹಾಕಿದ್ದು. ಬಲಗಡೆ ಬೆಡ್ 0.1 ಮಿ.ಮೀ. ತಗ್ಗಿದ್ದರೆ ನಾಜಲ್ ಕೆಳಗೆ 0.3 ಮಿ.ಮೀ. ಜಾಗ ಇರುತ್ತದೆ. ಅಷ್ಟೇ ಪ್ಲಾಸ್ಟಿಕ್ ಆ ಎತ್ತರವನ್ನು ತುಂಬಬೇಕಾದ್ದರಿಂದ ಅಗಲ ಸುಮಾರು 0.27ಕ್ಕೆ ಇಳಿಯುತ್ತದೆ. ಪಕ್ಕದ ಎಳೆ ಬೀಳುವುದು ಮಾತ್ರ 0.4 ಮಿ.ಮೀ. ಆಚೆಗೇ. ಹೀಗಾಗಿ ಎಳೆಗಳು ಒಂದನ್ನೊಂದು ಮುಟ್ಟುವುದಿಲ್ಲ, ಬೆಡ್‌ಗೂ ಒತ್ತಿಕೊಳ್ಳುವುದಿಲ್ಲ, ದುಂಡಗೆ ದಾರದಂತೆ ಬಿದ್ದಿರುತ್ತವೆ. ಜಾಗ 0.1 ಆದರೆ ಉಲ್ಟಾ: ಪ್ಲಾಸ್ಟಿಕ್‌ಗೆ ಹರಡಲು ಜಾಗವಿಲ್ಲದೆ ಎಳೆಯ ಎರಡೂ ಬದಿಯಲ್ಲಿ ಏಣು ಏಳುತ್ತದೆ, ನಾಜಲ್ ಅದನ್ನೇ ಉಳುತ್ತದೆ, ಎಕ್ಸ್‌ಟ್ರೂಡರ್ ಟಕ್ ಟಕ್ ಎನ್ನುತ್ತದೆ. ನೀವು ಹೇಳಿದ ಕೆರೆತ ಇದೇ.

ಪೇಪರ್ ಇಟ್ಟು ಮಾಡಿದರೂ ಓರೆ ಉಳಿಯಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಬೆಡ್ ತಣ್ಣಗಿದ್ದಾಗ ಲೆವೆಲ್ ಮಾಡುವುದು. 60 ಡಿಗ್ರಿಗೆ ಕಾದಾಗ ಪ್ಲೇಟ್ ಹಿಗ್ಗಿ ಆಕಾರ ಕೊಂಚ ಬದಲಾಗುತ್ತದೆ. ಇನ್ನೊಂದು, ನಾಜಲ್ ತುದಿಗೆ ಅಂಟಿಕೊಂಡ ಹಳೆಯ ಪ್ಲಾಸ್ಟಿಕ್. ಪೇಪರ್ ಉಜ್ಜುವುದು ಆ ಬೊಟ್ಟಿಗೆ, ಲೋಹಕ್ಕಲ್ಲ. ನಾಜಲ್ಲನ್ನು 200 ಡಿಗ್ರಿಗೆ ಕಾಯಿಸಿ ಹಿತ್ತಾಳೆ ಬ್ರಶ್‌ನಿಂದ ಒರೆಸಿ, 150ಕ್ಕೆ ಇಳಿಸಿ. ಆ ಬಿಸಿಯಲ್ಲಿ ಪಿಎಲ್‌ಎ ಸೋರುವುದಿಲ್ಲ. ಬೆಡ್ 60 ಮುಟ್ಟಿದ ಮೇಲೆ ಇನ್ನೂ ಹತ್ತು ನಿಮಿಷ ಬಿಡಿ.

ಪೇಪರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರಿಂಟರ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ. Z=0ಯಲ್ಲಿ ನಿಲ್ಲಿಸಿ ಪೇಪರ್ ಉಜ್ಜುವಂತೆ ಹೊಂದಿಸಿದರೆ ಯಂತ್ರದ ಸೊನ್ನೆ ಬೆಡ್‌ನಿಂದ 0.1 ಮೇಲೆಯೇ ಉಳಿದುಬಿಡುತ್ತದೆ, 0.2ರ ಪದರ 0.3ರ ಹತ್ತಿರ ಬೀಳುತ್ತದೆ. ಆದ್ದರಿಂದ ನಾಜಲ್ಲನ್ನು Z=0.1ರಲ್ಲಿ ನಿಲ್ಲಿಸಿ ಪೇಪರ್ ಹಿಡಿಯಿರಿ. 220 ಮಿ.ಮೀ. ಬೆಡ್‌ಗೆ, ಮಾರ್ಲಿನ್ ಫರ್ಮ್‌ವೇರ್‌ನಲ್ಲಿ, ಮೊದಲ ಮೂಲೆಗೆ ಹೀಗೆ ಹೋಗಬಹುದು:

```
G28
M420 S0
G1 Z5 F600
G1 X30 Y30 F3000
G1 Z0.1 F300
```

ಎರಡನೇ ಸಾಲು ಹಳೆಯ ಮೆಶ್, ಅಂದರೆ ಬೆಡ್‌ನ ಏರುತಗ್ಗು ಅಳೆದಿಟ್ಟ ನಕ್ಷೆ, ಇದ್ದರೆ ಅದನ್ನು ಆಫ್ ಮಾಡುತ್ತದೆ. ಆಫ್ ಮಾಡದಿದ್ದರೆ ಆ ಮೆಶ್ ನೀವು ಸರಿಪಡಿಸಬೇಕಾದ ಓರೆಯನ್ನೇ ಮುಚ್ಚಿಡುತ್ತದೆ. ಪೇಪರ್ ಎಳೆದಾಗ ಸಣ್ಣಗೆ ತಡೆಯಬೇಕು, ತಳ್ಳಿದರೆ ಮಡಚದೆ ಒಳಗೆ ಹೋಗಬೇಕು. ನಾಜಲ್ಲನ್ನು 5 ಮಿ.ಮೀ. ಎತ್ತಿ ಎದುರು ಕರ್ಣದ ಮೂಲೆ 190, 190ಕ್ಕೆ ಹೋಗಿ, ಆಮೇಲೆ ಉಳಿದೆರಡು. ಒಂದು ತಿರುಪು ತಿರುಗಿಸಿದರೆ ಇಡೀ ಬೆಡ್ ವಾಲುವುದರಿಂದ ಒಂದು ಸುತ್ತು ಸಾಲದು. ಪ್ರತಿ ಸುತ್ತಿಗೂ G28 ಮಾಡಿ, ಯಾವ ಮೂಲೆಗೂ ಕೈಹಾಕಬೇಕಾಗದ ತನಕ ಸುತ್ತಿ. ಸ್ಪ್ರಿಂಗ್‌ಗಳು ಅರ್ಧಕ್ಕಿಂತ ಹೆಚ್ಚು ಅಮುಕಿರಲಿ, ಸಡಿಲ ಬಿಟ್ಟರೆ ಅದುರಾಟಕ್ಕೆ ತಿರುಪು ತಾನೇ ತಿರುಗುತ್ತದೆ.

ಪೇಪರ್ ಕೈಯಂದಾಜು. ತೀರ್ಪು ಪ್ರಿಂಟ್‌ನಿಂದಲೇ ಬರಬೇಕು. 30 ಮಿ.ಮೀ.ನ ಐದು ಚೌಕ, 0.2 ಮಿ.ಮೀ. ದಪ್ಪ, ಅಂದರೆ ಒಂದೇ ಪದರ, ನಾಲ್ಕು ತಿರುಪುಗಳ ಮೇಲೆ ಒಂದೊಂದು, ನಡುವೆ ಒಂದು. ವೇಗ ಸೆಕೆಂಡಿಗೆ 20 ಮಿ.ಮೀ., ಫ್ಯಾನ್ ಆಫ್. ಆರಿದ ಮೇಲೆ ಕಿತ್ತು, ಅಂಚು ಬಿಟ್ಟು ಒಳಭಾಗವನ್ನು ಕ್ಯಾಲಿಪರ್‌ನಿಂದ ಅಳೆಯಿರಿ.

ಎಡಗಡೆಯ ಎರಡೂ 0.20, ಬಲಗಡೆಯ ಎರಡೂ 0.28 ಬಂತು ಎನ್ನೋಣ. ಬಲಬದಿ 0.08 ತಗ್ಗಿದೆ. ತಿರುಪು ಎಂ4 ಆದರೆ ಒಂದು ಪೂರ್ತಿ ಸುತ್ತಿಗೆ 0.7 ಮಿ.ಮೀ. ಸರಿಯುತ್ತದೆ, ಎಂಟನೇ ಒಂದು ಸುತ್ತಿಗೆ ಸುಮಾರು 0.09. ಬಲಗಡೆಯ ಎರಡೂ ತಿರುಪುಗಳನ್ನು ಎಂಟನೇ ಒಂದು ಸುತ್ತು ಸಡಿಲಿಸಿ. ಸ್ಪ್ರಿಂಗ್ ಬಿಚ್ಚಿಕೊಂಡು ಬೆಡ್ ಏರುತ್ತದೆ. ಎಂ3 ಆದರೆ ಸುತ್ತಿಗೆ 0.5, ಹಾಗಾಗಿ ಆರನೇ ಒಂದು ಸುತ್ತು. ಗಾಬರಿಯಲ್ಲಿ ಎಂ4 ತಿರುಪನ್ನು ಅರ್ಧ ಸುತ್ತು ತಿರುಗಿಸಿದರೆ 0.35 ಏರಿ ನಾಜಲ್ ಪ್ಲೇಟ್‌ಗೇ ಗೀರುತ್ತದೆ.

ಐದೂ ಚೌಕ ಒಂದೇ ತರಹ ಬಂದ ಮೇಲೆ Z offset ಕೈಗೆತ್ತಿಕೊಳ್ಳಿ. ಎಲ್ಲವೂ 0.25 ಇದ್ದರೆ 0.05 ಇಳಿಸಿ, ಅಂದರೆ −1.50 ಇದ್ದದ್ದು −1.55 ಆಗಬೇಕು. ಕೊನೆಕೊನೆಗೆ 0.02ರ ಹೆಜ್ಜೆ ಸಾಕು. ಸರಿಯಾದ ಚೌಕವನ್ನು ಬೆಳಕಿಗೆ ಹಿಡಿದರೆ ಎಳೆಗಳ ನಡುವೆ ಸಂದು ಕಾಣುವುದಿಲ್ಲ, ಮೇಲೆ ಬೆರಳಾಡಿಸಿದರೆ ಏಣು ತಾಗುವುದಿಲ್ಲ. ಆಮೇಲೆ ಸೇವ್ ಮಾಡುವುದನ್ನು ಮರೆಯಬೇಡಿ, `M500`.

ನಾಲ್ಕು ಮೂಲೆ ಸರಿಯಿದ್ದು ನಡುವಿನ ಚೌಕ ಮಾತ್ರ ಬೇರೆಯಾದರೆ ಪ್ಲೇಟೇ ಬಾಗಿದೆ. ಅದಕ್ಕೆ ತಿರುಪಿನಲ್ಲಿ ಮದ್ದಿಲ್ಲ, ಪ್ರೋಬ್‌ನಿಂದ ಮೆಶ್ ಮಾಡಬೇಕು. ಮೆಶ್ ಮಾಡಿಯೂ ವ್ಯತ್ಯಾಸ ಕಾಣದಿದ್ದರೆ ಸ್ಲೈಸರ್‌ನ ಸ್ಟಾರ್ಟ್ ಜಿ-ಕೋಡ್ ನೋಡಿ. ಮಾರ್ಲಿನ್‌ನಲ್ಲಿ G28 ಸಾಮಾನ್ಯವಾಗಿ ಮೆಶ್ಶನ್ನು ಆಫ್ ಮಾಡಿಬಿಡುತ್ತದೆ, ಅದರ ನಂತರ `M420 S1` ಇರಬೇಕು.

ಇಷ್ಟೆಲ್ಲ ಮಾಡಿಯೂ ಕೆಲವೇ ಪ್ರಿಂಟ್‌ಗಳಲ್ಲಿ ಬಲಗಡೆಯೇ ಮತ್ತೆ ಕೆಟ್ಟರೆ ಬೆಡ್ಡನ್ನು ಬಿಟ್ಟು ನಾಜಲ್ ಓಡಾಡುವ ಅಡ್ಡಪಟ್ಟಿಯನ್ನು ಹಿಡಿಯಿರಿ. ಎಡಗಡೆ ಒಂದೇ ಲೀಡ್‌ಸ್ಕ್ರೂ ಇರುವ ಯಂತ್ರದಲ್ಲಿ ಪಟ್ಟಿಯ ಬಲತುದಿ ಬರೀ ಚಕ್ರಗಳ ಮೇಲೆ ನಿಂತಿರುತ್ತದೆ. ಮೋಟಾರ್ ಆನ್ ಇಟ್ಟುಕೊಂಡು ಬಲತುದಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಕಂಡರೆ ಆ ಬದಿಯ ಎಕ್ಸೆಂಟ್ರಿಕ್ ನಟ್ಟನ್ನು, ಚಕ್ರ ಕೈಯಲ್ಲಿ ತಿರುಗಿಸಿದರೆ ಕಂಬವನ್ನು ಹಿಡಿದುಕೊಂಡೇ ಉರುಳುವಷ್ಟು ಬಿಗಿಮಾಡಿ. ತೀರಾ ಬಿಗಿಯಾದರೂ ಕಷ್ಟವೇ: ಇಳಿಯುವಾಗ ಬಲತುದಿ ಹಿಂದೆ ಬೀಳುತ್ತದೆ, ಅಲ್ಲಿ ನಾಜಲ್ ಎತ್ತರದಲ್ಲೇ ಉಳಿಯುತ್ತದೆ. ಈ ನಟ್ ಸರಿಹೋದ ಮೇಲೆ ತಿರುಪುಗಳ ಕೆಲಸ ಮೊದಲಿನಿಂದ ಮಾಡಬೇಕು. ನಾಜಲ್ ಬದಲಿಸಿದಾಗ ಮಾತ್ರ ತಿರುಪುಗಳಿಗೆ ಹೋಗುವ ಅಗತ್ಯವಿಲ್ಲ, Z offset ಒಂದನ್ನೇ ಮತ್ತೆ ಹೊಂದಿಸಿದರೆ ಆಯಿತು.